43,600ರ ಗೆರೆ: ನೈಟ್ ಡ್ಯೂಟಿ ಭತ್ಯೆ ಯಾರ ಸಂಬಳಕ್ಕೆ ಸೇರುತ್ತದೆ, ಯಾರದ್ದಕ್ಕೆ ಸೇರುವುದಿಲ್ಲ

ಕೇಂದ್ರ ಸರ್ಕಾರದ ಆಸ್ಪತ್ರೆಗೆ ಹೊಸದಾಗಿ ಸೇರುವ ನರ್ಸಿಂಗ್ ಆಫೀಸರ್‌ಗೆ ಬೇಸಿಕ್ 44,900 ರೂಪಾಯಿ. ಕೇಂದ್ರ ನೌಕರರಿಗೆ ನೈಟ್ ಡ್ಯೂಟಿ ಭತ್ಯೆ ಸಿಗಬೇಕಾದರೆ ಬೇಸಿಕ್ 43,600 ರೂಪಾಯಿ ಮೀರಿರಬಾರದು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಜಾಸ್ತಿ ರಾತ್ರಿ ಪಾಳಿ ಮಾಡುವವರು ನರ್ಸ್‌ಗಳು. ಆದರೆ ಅವರು ಕೆಲಸಕ್ಕೆ ಸೇರಿದ ದಿನವೇ ಆ ಗೆರೆಯ ಆಚೆ ಇರುತ್ತಾರೆ.

ಇದು ಈಗ ಮಾತಾಡಬೇಕಾದ ವಿಷಯ. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅಧ್ಯಕ್ಷತೆಯ 8ನೇ ವೇತನ ಆಯೋಗ 2025ರ ನವೆಂಬರ್‌ನಲ್ಲಿ ರಚನೆಯಾಗಿದೆ. ವರದಿ ಕೊಡಲು ಅಂದಿನಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ಬೇಸಿಕ್ ಎಷ್ಟಾಗುತ್ತದೆ, ಫಿಟ್‌ಮೆಂಟ್ ಎಷ್ಟು ಎಂಬ ಚರ್ಚೆ ಎಲ್ಲ ಕಡೆ ನಡೆದಿದೆ. ಭತ್ಯೆಗಳ ಲೆಕ್ಕ ಯಾರ ಕಣ್ಣಿಗೂ ಬಿದ್ದಂತಿಲ್ಲ. ಆದರೆ ರಾತ್ರಿ ಪಾಳಿ ಮಾಡುವವರಿಗೆ ತಿಂಗಳ ಕೊನೆಯಲ್ಲಿ ಕೈಗೆ ಬರುವ ದುಡ್ಡಿನಲ್ಲಿ ವ್ಯತ್ಯಾಸ ಮಾಡುವುದು ಈ ಸಣ್ಣ ಸಾಲುಗಳೇ.

ಒಂದು ಗಂಟೆಗೆ ಹತ್ತು ನಿಮಿಷ

ಈಗಿರುವ ನಿಯಮ ಕೇಂದ್ರ ಸಿಬ್ಬಂದಿ ಇಲಾಖೆ 2020ರ ಜುಲೈ 13ರಂದು ಹೊರಡಿಸಿದ ಆದೇಶದ್ದು. ಜಾರಿಯ ದಿನಾಂಕ ಮಾತ್ರ ಹಿಂದಿನದು, 2017ರ ಜುಲೈ 1. ಅದಕ್ಕೂ ಮೊದಲು ಒಂದೇ ಗ್ರೇಡ್ ಪೇ ಇರುವವರಿಗೆಲ್ಲ ಒಂದೇ ದರ ಇತ್ತು. ಈಗ ಪ್ರತಿಯೊಬ್ಬರಿಗೂ ಅವರವರ ಬೇಸಿಕ್ ನೋಡಿ ಬೇರೆ ಬೇರೆ ಲೆಕ್ಕ ಹಾಕಬೇಕು. ರಾತ್ರಿ ಅಂದರೆ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ ಮಾತ್ರ. ಈ ಭತ್ಯೆ ಎಲ್ಲ ಇಲಾಖೆಗೂ ಹೊಸದಾಗಿ ಬಂದದ್ದಲ್ಲ. ರೈಲ್ವೆಯಂತೆ ಮೊದಲಿನಿಂದ ಪಡೆಯುತ್ತಿದ್ದ ಕಡೆಗಳಿಗೆ ಈ ಲೆಕ್ಕ ಅನ್ವಯಿಸುತ್ತದೆ.

ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ರಾತ್ರಿ ಒಂದು ಗಂಟೆ ಕೆಲಸ ಮಾಡಿದರೆ ಒಂದು ಗಂಟೆಯ ಸಂಬಳ ಹೆಚ್ಚಿಗೆ ಸಿಗುವುದಿಲ್ಲ. ಒಂದು ಗಂಟೆಗೆ ಹತ್ತು ನಿಮಿಷ ಸೇರಿಸಿ ಲೆಕ್ಕ ಹಿಡಿಯುತ್ತಾರೆ, ಅಷ್ಟೇ. ಎಂಟು ಗಂಟೆಯ ರಾತ್ರಿಗೆ ಎಂಬತ್ತು ನಿಮಿಷ. ಆ ಎಂಬತ್ತು ನಿಮಿಷಕ್ಕೆ ದುಡ್ಡು ಕೊಡುವ ಗಂಟೆಯ ದರ ಹೀಗೆ ಬರುತ್ತದೆ:

(ಬೇಸಿಕ್ + ಡಿ.ಎ.) ÷ 200

ರೈಲ್ವೆ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುವ ಲೆವೆಲ್ 1ರ ಒಬ್ಬ ಅಸಿಸ್ಟೆಂಟ್ ಅವರನ್ನು ತೆಗೆದುಕೊಳ್ಳೋಣ. ಬೇಸಿಕ್ 22,800 ಇದೆ ಅಂದುಕೊಳ್ಳಿ. ಡಿ.ಎ. 2025ರ ಜುಲೈನಿಂದ ಬಂದ ಶೇ. 58. ಎರಡೂ ಸೇರಿ 36,024. ಅದನ್ನು 200ರಿಂದ ಭಾಗಿಸಿದರೆ ಗಂಟೆಗೆ ಸುಮಾರು 180 ರೂಪಾಯಿ. ಎಂಬತ್ತು ನಿಮಿಷ ಅಂದರೆ ಒಂದೂ ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು, ಹಾಗಾಗಿ ಒಂದು ರಾತ್ರಿಗೆ 240 ರೂಪಾಯಿ. ತಿಂಗಳಿಗೆ ಆರು ರಾತ್ರಿ ಬಿದ್ದರೆ 1,441.

ಆಸ್ಪತ್ರೆಯ ನೈಟ್ ಎಂಟು ಗಂಟೆಗೆ ಮುಗಿಯುವುದು ಕಡಿಮೆ. ರಾತ್ರಿ 8ಕ್ಕೆ ಹ್ಯಾಂಡ್ ಓವರ್ ತೆಗೆದುಕೊಂಡು ಬೆಳಿಗ್ಗೆ 8ಕ್ಕೆ ಬಿಡುವವರೇ ಜಾಸ್ತಿ. ಆ ಹನ್ನೆರಡು ಗಂಟೆಯಲ್ಲಿ ಭತ್ಯೆಗೆ ಲೆಕ್ಕವಾಗುವುದು ನಡುವಿನ ಎಂಟು ಗಂಟೆ ಮಾತ್ರ. ಮೊದಲಿನ ಎರಡು ಮತ್ತು ಕೊನೆಯ ಎರಡು ಗಂಟೆ ಹಗಲಿನ ಲೆಕ್ಕಕ್ಕೆ ಹೋಗುತ್ತವೆ. ಬೆಳಿಗ್ಗೆ 6ರಿಂದ 8 ಇದೆಯಲ್ಲ, ರಕ್ತ ತೆಗೆಯುವುದು, ಹಾಸಿಗೆ ಬದಲಿಸುವುದು, ಚಾರ್ಟ್ ಮುಗಿಸುವುದು ಎಲ್ಲ ಒಟ್ಟಿಗೇ ಬಂದು ಬೀಳುವ ಹೊತ್ತು. ಇಡೀ ಪಾಳಿಯಲ್ಲಿ ಅದೇ ಕಷ್ಟದ ಹೊತ್ತು ಅಂತ ವಾರ್ಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಇನ್‌ಕ್ರಿಮೆಂಟ್ ಬಂದು ಸಂಬಳ ಇಳಿಯುವುದು

43,600 ಎಂಬ ಮಿತಿಯನ್ನು ಹಾಕಿದ ರೀತಿಯೇ ತಕರಾರಿನದು. ಆ ಅಂಕಿಯವರೆಗೆ ಪೂರ್ತಿ ಭತ್ಯೆ. ಅದನ್ನು ದಾಟಿದರೆ ಪೂರ್ತಿ ಸೊನ್ನೆ. ನಡುವೆ ಏನೂ ಇಲ್ಲ.

ಕೇಂದ್ರದ ವೇತನ ಪಟ್ಟಿಯಲ್ಲಿ ಲೆವೆಲ್ 6 ಶುರುವಾಗುವುದು 35,400ಕ್ಕೆ. ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ 42,300, ಆಮೇಲೆ 43,600, ಅದರ ಮುಂದೆ 44,900. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು ರಾತ್ರಿ ಪಾಳಿ ಮಾಡುವ, ಲೆವೆಲ್ 6ರ ಲ್ಯಾಬ್ ಸಿಬ್ಬಂದಿಯೊಬ್ಬರು ಸರಿಯಾಗಿ 43,600ರಲ್ಲಿ ನಿಂತಿದ್ದಾರೆ ಅಂದುಕೊಳ್ಳೋಣ. ಅವರ ಗಂಟೆಯ ದರ 344 ರೂಪಾಯಿ ಚಿಲ್ಲರೆ. ಒಂದು ರಾತ್ರಿಗೆ 459. ಆರು ರಾತ್ರಿಗೆ 2,755.

ಈಗ ವಾರ್ಷಿಕ ಇನ್‌ಕ್ರಿಮೆಂಟ್ ಬಂತು. ಬೇಸಿಕ್ 44,900 ಆಯಿತು, ಅಂದರೆ 1,300 ಹೆಚ್ಚು. ಅದರ ಮೇಲೆ ಡಿ.ಎ. 754. ಬೆಂಗಳೂರಿನ ಮನೆ ಬಾಡಿಗೆ ಭತ್ಯೆ ಶೇ. 30ರ ಲೆಕ್ಕದಲ್ಲಿ 390. ಒಟ್ಟು ಏರಿದ್ದು 2,444. ಹೋದದ್ದು 2,755. ಇನ್‌ಕ್ರಿಮೆಂಟ್ ಬಂದ ತಿಂಗಳು ಒಟ್ಟು ಸಂಬಳ 311 ರೂಪಾಯಿ ಇಳಿಯಿತು. ಹೊಸ ಪಿಂಚಣಿ ಯೋಜನೆಗೆ ಕಡಿತವಾಗುವ ಶೇ. 10 ಬೇಸಿಕ್ ಮತ್ತು ಡಿ.ಎ. ಮೇಲೆ ಲೆಕ್ಕವಾಗುವುದರಿಂದ ಕೈಗೆ ಬರುವುದು ಇನ್ನೂ ಇನ್ನೂರು ಚಿಲ್ಲರೆ ಕಡಿಮೆ.

ತಿಂಗಳಿಗೆ ಐದು ರಾತ್ರಿ ಮಾಡುವವರಿಗೆ ಒಟ್ಟು ಸಂಬಳದಲ್ಲಿ ಅಲ್ಪಸ್ವಲ್ಪ ಲಾಭ ಉಳಿಯುತ್ತದೆ. ಆರಾದರೆ ನಷ್ಟ. ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದು ಬಾಡಿಗೆ ಭತ್ಯೆ ಪಡೆಯದವರಿಗೆ ಐದನೇ ರಾತ್ರಿಗೇ ನಷ್ಟ ಶುರು. ಅಂದರೆ ಜಾಸ್ತಿ ರಾತ್ರಿ ಮಾಡಿದವರಿಗೇ ಜಾಸ್ತಿ ಪೆಟ್ಟು. ಅನುಭವ ಹೆಚ್ಚಾದಂತೆ ಅದೇ ಕೆಲಸಕ್ಕೆ ಕಡಿಮೆ ದುಡ್ಡು ಬರುವ ವ್ಯವಸ್ಥೆಯನ್ನು ಯಾರೂ ಬೇಕೆಂದು ಮಾಡಿರಲಾರರು. ಆದರೂ ಲೆಕ್ಕ ಹಾಗೇ ಕೂತಿದೆ. 2020ರಲ್ಲಿ ರೈಲ್ವೆಯಲ್ಲಿ ಇದೇ ಮಿತಿಯ ವಿರುದ್ಧ ಸ್ಟೇಷನ್ ಮಾಸ್ಟರ್‌ಗಳು ಪ್ರತಿಭಟನೆ ಮಾಡಿದ್ದರು. ಆಸ್ಪತ್ರೆಯವರ ದನಿ ಅಷ್ಟು ಕೇಳಿಸಲಿಲ್ಲ.

ಇನ್ನೊಂದು ತಮಾಷೆ. ಭತ್ಯೆಗೆ ಲೆಕ್ಕ ಹಿಡಿಯಬೇಕಾದ್ದು ಡ್ಯೂಟಿ ಮಾಡಿದ ದಿನದಂದು ಇದ್ದ ಬೇಸಿಕ್. 43,600ರಲ್ಲಿದ್ದು ಜುಲೈ 1ಕ್ಕೆ ಇನ್‌ಕ್ರಿಮೆಂಟ್ ಇರುವವರು ಜೂನ್ 30ರ ನೈಟ್ ಮಾಡಿದರೆ? ಆದೇಶದ ಅಕ್ಷರಕ್ಕೇ ಹೋದರೆ ರಾತ್ರಿ 10ರಿಂದ 12ರವರೆಗೆ ಅವರು ಅರ್ಹರು. ಗಡಿಯಾರ 12 ಹೊಡೆದ ಮೇಲೆ ಅಲ್ಲ. ಅದೇ ಮೈಕ್ರೋಸ್ಕೋಪ್, ಅದೇ ಕುರ್ಚಿ.

ನರ್ಸಿಂಗ್ ಅಲೊವೆನ್ಸ್ ಇದೆಯಲ್ಲ, ಸಾಲದೇ?

ನರ್ಸ್‌ಗಳಿಗೆ ನೈಟ್ ಭತ್ಯೆ ಇಲ್ಲ ಎಂದ ಕೂಡಲೇ ಬರುವ ಉತ್ತರ ಇದು. ನಿಜ, ಕೇಂದ್ರದಲ್ಲಿ ನರ್ಸಿಂಗ್ ಅಲೊವೆನ್ಸ್ ಇದೆ. 7ನೇ ಆಯೋಗದ ನಂತರ ಅದು ತಿಂಗಳಿಗೆ 7,200 ಆಯಿತು. ಡಿ.ಎ. ಶೇ. 50 ಮುಟ್ಟಿದಾಗ ಶೇ. 25 ಏರಿ 2024ರ ಜನವರಿಯಿಂದ 9,000 ಆಗಿದೆ. ಮೊತ್ತ ಸಣ್ಣದಲ್ಲ. ಅಸಿಸ್ಟೆಂಟ್ ಅವರ 1,441ರ ಪಕ್ಕದಲ್ಲಿ ಇಟ್ಟರೆ ದೊಡ್ಡದಾಗಿಯೇ ಕಾಣುತ್ತದೆ.

ಆದರೆ ಆ 9,000ಕ್ಕೂ ರಾತ್ರಿಗೂ ಸಂಬಂಧವಿಲ್ಲ. ಓಪಿಡಿಯಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವ ಸಿಸ್ಟರ್‌ಗೂ ಅಷ್ಟೇ, ಐಸಿಯುನಲ್ಲಿ ತಿಂಗಳಿಗೆ ಎಂಟು ನೈಟ್ ಮಾಡುವ ಸಿಸ್ಟರ್‌ಗೂ ಅಷ್ಟೇ. ಇದರಿಂದ ಎರಡು ಪರಿಣಾಮ. ಒಂದು, ಯಾರಾದರೂ ನೈಟ್ ಬದಲಿಸಿಕೊಳ್ಳಲು ಕೇಳಿದರೆ ಇನ್ನೊಬ್ಬರು ಒಪ್ಪಲು ಸ್ನೇಹ ಬಿಟ್ಟರೆ ಬೇರೆ ಕಾರಣವಿಲ್ಲ. ಎರಡು, ನೈಟ್ ಹಂಚುವ ಇನ್‌ಚಾರ್ಜ್ ಸಿಸ್ಟರ್ ಮೇಲೆ ಎಲ್ಲರ ಸಿಟ್ಟು. ರೋಸ್ಟರ್‌ನಲ್ಲಿ ಒಬ್ಬರಿಗೆ ಒಂದು ನೈಟ್ ಜಾಸ್ತಿ ಬಿದ್ದರೆ ಅದು ಸುಮ್ನೆ ನಷ್ಟ, ಅದಕ್ಕೆ ಬೆಲೆ ಎಂಬುದೇ ಇಲ್ಲ. ಆಸ್ಪತ್ರೆಗೂ ಒಂದು ರಾತ್ರಿಗೆ ಎಷ್ಟು ಖರ್ಚು ಎಂಬ ಲೆಕ್ಕ ಸಿಗುವುದಿಲ್ಲ. ಸಿಬ್ಬಂದಿ ಕೊರತೆ ಇದ್ದಾಗ ಇರುವವರ ಮೇಲೇ ಇನ್ನೆರಡು ನೈಟ್ ಹೇರಿದರೂ ಸಂಬಳದ ಬಿಲ್ ಒಂದು ರೂಪಾಯಿ ಏರುವುದಿಲ್ಲ. ನನಗೆ ಇದೇ ಮುಖ್ಯ ತೊಂದರೆ ಅನಿಸುತ್ತದೆ.

ಗಂಟೆಗೆ ಶೇಕಡಾ ಸೇರಿಸುವ ದಾರಿ

ಮಂಗಳೂರು, ಉಡುಪಿ, ಬೆಂಗಳೂರಿನ ಕಾಲೇಜುಗಳಲ್ಲಿ ಓದಿ ಬ್ರಿಟನ್ನಿಗೆ ಹೋದ ನರ್ಸ್‌ಗಳ ಪೇ ಸ್ಲಿಪ್ ನೋಡಿದರೆ ಬೇರೆಯೇ ಲೆಕ್ಕ ಕಾಣುತ್ತದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಹೊಸ ನರ್ಸ್ ಸೇರುವುದು ಬ್ಯಾಂಡ್ 5ಕ್ಕೆ. ಇಂಗ್ಲೆಂಡ್‌ನಲ್ಲಿ 2025-26ಕ್ಕೆ ವರ್ಷದ ಆರಂಭಿಕ ಸಂಬಳ 31,049 ಪೌಂಡ್, ವಾರಕ್ಕೆ 37.5 ಗಂಟೆ ಕೆಲಸ. ಗಂಟೆಗೆ ಸುಮಾರು 15.88 ಪೌಂಡ್. ರಾತ್ರಿ 8ರಿಂದ ಬೆಳಿಗ್ಗೆ 6ರವರೆಗೆ ಮತ್ತು ಶನಿವಾರ ಪೂರ್ತಿ ಆ ದರದ ಮೇಲೆ ಶೇ. 30. ಭಾನುವಾರ ಮತ್ತು ಸಾರ್ವಜನಿಕ ರಜೆಯ ದಿನ ಶೇ. 60.

ಅಲ್ಲಿನ ನಿಯಮದಲ್ಲಿ ನನಗೆ ಇಷ್ಟವಾದದ್ದು ಎರಡು. ವಾರದ ದಿನದ ನೈಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು 8ರಿಂದ 6ರ ಒಳಗೆ ಬಂದರೆ ಇಡೀ ಪಾಳಿಗೆ ಶೇ. 30 ಸಿಗುತ್ತದೆ. ಅಂದರೆ ಬೆಳಿಗ್ಗೆ 6ರ ನಂತರದ ಆ ಕಷ್ಟದ ಗಂಟೆಗಳೂ ಸೇರುತ್ತವೆ. ಊಟದ ಬಿಡುವು ಕಳೆದು ಹನ್ನೊಂದೂವರೆ ಗಂಟೆಯ ನೈಟ್ ಆದರೆ ಹೆಚ್ಚಿಗೆ ಬರುವುದು ಸುಮಾರು 55 ಪೌಂಡ್. ಇನ್ನೊಂದು, ಕೆಳಗಿನ ಬ್ಯಾಂಡಿನವರಿಗೆ ಶೇಕಡಾ ಜಾಸ್ತಿ: ಬ್ಯಾಂಡ್ 2ರವರಿಗೆ ರಾತ್ರಿಗೆ ಶೇ. 41, ಬ್ಯಾಂಡ್ 3ರವರಿಗೆ ಶೇ. 35, ಬ್ಯಾಂಡ್ 4ರಿಂದ ಮೇಲೆ ಶೇ. 30. ಸಂಬಳ ಏರಿದಂತೆ ದರ ಇಳಿಯುತ್ತದೆ, ಆದರೆ ಎಲ್ಲೂ ಏಕದಂ ಸೊನ್ನೆಗೆ ಬೀಳುವುದಿಲ್ಲ. ಕಡಿಮೆ ಸಂಬಳದವರಿಗೆ ಹೆಚ್ಚು ಕೊಡಬೇಕು ಎನ್ನುವುದೇ ನಮ್ಮ 43,600ರ ಉದ್ದೇಶವೂ ಆಗಿದ್ದರೆ, ಅದನ್ನು ಹೀಗೂ ಮಾಡಬಹುದಿತ್ತು ಅಲ್ವಾ?

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ರೈಲ್ವೆಯ ಬೋನಸ್ಸನ್ನೇ ನೋಡಿ. ಪ್ರತಿ ದಸರೆಗೆ ಬರುವ 78 ದಿನದ ಬೋನಸ್ ಲೆಕ್ಕಕ್ಕೆ ತಿಂಗಳ ಸಂಬಳವನ್ನು 7,000 ಎಂದೇ ಹಿಡಿಯುತ್ತಾರೆ. ಯಾರ ನಿಜವಾದ ಸಂಬಳ ಎಷ್ಟೇ ಇದ್ದರೂ ಸಿಗುವುದು 17,951. ಮಿತಿ ಇರುವುದು ಲೆಕ್ಕಕ್ಕೆ. ಸಂಬಳ 7,000 ದಾಟಿತೆಂದು ಯಾರನ್ನೂ ಹೊರಗೆ ಹಾಕುವುದಿಲ್ಲ. ನೈಟ್ ಭತ್ಯೆಗೂ ಇದನ್ನೇ ಮಾಡಿದರೆ, 43,600ರ ಮೇಲಿನವರೆಲ್ಲರಿಗೂ ರಾತ್ರಿಗೆ 459 ರೂಪಾಯಿಯಲ್ಲಿ ನಿಲ್ಲುತ್ತದೆ. ಇನ್‌ಕ್ರಿಮೆಂಟ್‌ನಿಂದ ಯಾರ ಸಂಬಳವೂ ಇಳಿಯುವುದಿಲ್ಲ. ಖರ್ಚು ಏರುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ತಿಂಗಳಿಗೆ ಆರು ನೈಟ್ ಮಾಡುವ ಒಬ್ಬ ನರ್ಸ್‌ಗೆ ಶೇ. 58 ಡಿ.ಎ. ಲೆಕ್ಕದಲ್ಲಿ 2,755 ರೂಪಾಯಿ. ನರ್ಸಿಂಗ್ ಅಲೊವೆನ್ಸ್ ಇದ್ದಾಗ ಇದೂ ಬೇಕೇ ಎಂದು ಹಣಕಾಸು ಇಲಾಖೆ ಕೇಳಿಯೇ ಕೇಳುತ್ತದೆ. ಮೊದಲನೆಯದು ವೃತ್ತಿಗೆ, ಎರಡನೆಯದು ರಾತ್ರಿಗೆ ಎಂದು ಬೇರೆ ಮಾಡಿ ವಾದಿಸದಿದ್ದರೆ ನರ್ಸ್‌ಗಳ ಸಂಘಗಳು ಸೋಲುತ್ತವೆ.

ವಾರ್ಡಿನಿಂದ ಬಿಲ್ಲಿನವರೆಗೆ

ಭತ್ಯೆ ಇರುವವರಿಗೂ ಅದು ತಾನಾಗಿ ಸಂಬಳಕ್ಕೆ ಸೇರುವುದಿಲ್ಲ. ರೋಸ್ಟರ್‌ನಲ್ಲಿ ಹೆಸರಿದ್ದರೆ ಸಾಲದು, ಹಾಜರಿಯಲ್ಲಿ ಆ ರಾತ್ರಿ ಕಾಣಬೇಕು. ರಾತ್ರಿಯ ಗಂಟೆಗಳ ಪಟ್ಟಿ ತಯಾರಾಗಬೇಕು. ಆ ನೈಟ್ ಡ್ಯೂಟಿ ಅಗತ್ಯವಾಗಿತ್ತು ಎಂದು ಮೇಲ್ವಿಚಾರಕರು ಪ್ರಮಾಣಪತ್ರ ಕೊಡಬೇಕು. ಆಮೇಲೆ ಅದು ಬಿಲ್ ವಿಭಾಗಕ್ಕೆ ಹೋಗುತ್ತದೆ. ಹಾಗಾಗಿ ಈ ತಿಂಗಳ ರಾತ್ರಿಗಳ ದುಡ್ಡು ಮುಂದಿನ ತಿಂಗಳು ಅಥವಾ ಅದರಾಚೆಯ ತಿಂಗಳು ಬರುತ್ತದೆ. ಪೇ ಸ್ಲಿಪ್‌ನ ಸಾಲನ್ನು ಯಾವ ತಿಂಗಳ ರೋಸ್ಟರ್ ಜೊತೆ ಹೋಲಿಸಬೇಕು ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಬೇಕು.

ಹೆಚ್ಚಾಗಿ ತಪ್ಪುವುದು ಪಾಳಿ ಬದಲಿಸಿಕೊಂಡಾಗ. "ಅಕ್ಕಾ, ಗುರುವಾರ ನನ್ನ ನೈಟ್ ನೀವು ಮಾಡ್ತೀರಾ" ಎಂದು ಕೇಳಿ ಒಪ್ಪಿಸಿಕೊಂಡರೆ ಕೆಲಸ ಆಗುತ್ತದೆ. ರೋಸ್ಟರ್‌ನಲ್ಲಿ ಹೆಸರು ತಿದ್ದಿಸಿ ಇನ್‌ಚಾರ್ಜ್ ಸಹಿ ಹಾಕಿಸದಿದ್ದರೆ ದುಡ್ಡು ಮಾತ್ರ ಮನೆಯಲ್ಲಿ ಮಲಗಿದ್ದವರಿಗೆ ಹೋಗುತ್ತದೆ, ಇಲ್ಲವೇ ಇಬ್ಬರಿಗೂ ಬರುವುದಿಲ್ಲ.

ಇನ್ನೊಂದು ತಪ್ಪು ಬೇಗ ಗೊತ್ತಾಗುವುದಿಲ್ಲ. ಡಿ.ಎ. ಏರಿಕೆ ಯಾವಾಗಲೂ ಹಿಂದಿನ ದಿನಾಂಕದಿಂದ ಬರುತ್ತದೆ. ಜುಲೈಯದ್ದನ್ನು ಅಕ್ಟೋಬರ್ ಹೊತ್ತಿಗೆ ಪ್ರಕಟಿಸುತ್ತಾರೆ. ಬೇಸಿಕ್ ಮೇಲಿನ ಡಿ.ಎ. ಬಾಕಿ ಎಲ್ಲರಿಗೂ ಬರುತ್ತದೆ. ಆದರೆ ನೈಟ್ ಭತ್ಯೆಯ ಗಂಟೆಯ ದರದೊಳಗೂ ಡಿ.ಎ. ಇದೆ, ಹಾಗಾಗಿ ಜುಲೈ, ಆಗಸ್ಟ್, ಸೆಪ್ಟೆಂಬರ್ ರಾತ್ರಿಗಳಿಗೂ ಬಾಕಿ ಹುಟ್ಟಬೇಕು. ಶೇ. 55ರಿಂದ 58ಕ್ಕೆ ಏರಿದಾಗ ನಮ್ಮ ಅಸಿಸ್ಟೆಂಟ್‌ಗೆ ರಾತ್ರಿಗೆ ನಾಲ್ಕೂವರೆ ರೂಪಾಯಿಯಷ್ಟು ವ್ಯತ್ಯಾಸ. ಸಣ್ಣದು, ಅದಕ್ಕೇ ಯಾರೂ ಕೇಳುವುದಿಲ್ಲ. ಪರೀಕ್ಷೆ ಸುಲಭ: ಬಂದ ಮೊತ್ತವನ್ನು ರಾತ್ರಿಗಳ ಸಂಖ್ಯೆಯಿಂದ ಭಾಗಿಸಿ, ನಿಮ್ಮ ಬೇಸಿಕ್ ಮತ್ತು ಡಿ.ಎ. ಹಾಕಿ ಮೇಲಿನ ಲೆಕ್ಕದ ಜೊತೆ ಹೋಲಿಸಿ. ಈ ಭತ್ಯೆಗೆ ಆದಾಯ ತೆರಿಗೆ ಪೂರ್ತಿ ಅನ್ವಯಿಸುತ್ತದೆ, ಹೊಸ ಪಿಂಚಣಿ ಯೋಜನೆಯ ವಂತಿಗೆಗೆ ಮಾತ್ರ ಇದು ಲೆಕ್ಕಕ್ಕಿಲ್ಲ.

ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ರಾತ್ರಿಗೆ ಇಂತಿಷ್ಟು ಎಂದು ಒಂದೇ ಮೊತ್ತ. ಅಲ್ಲಿ ನೋಡಬೇಕಾದ್ದು ಆಫರ್ ಲೆಟರ್. ಶಿಫ್ಟ್ ಅಲೊವೆನ್ಸ್ ಅನ್ನು ಸಿಟಿಸಿಯ ಒಳಗೇ ತಿಂಗಳ ಸಾಲಾಗಿ ತೋರಿಸಿದ್ದರೆ ಅದು ಎಷ್ಟು ನೈಟ್ ಮಾಡಿದರೂ ಅಷ್ಟೇ. ಇದರಲ್ಲಿ ಪಿಎಫ್ ಪ್ರಶ್ನೆಯೂ ಇದೆ. 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಎಲ್ಲರಿಗೂ ಒಂದೇ ತೆರನಾಗಿ ಕೊಡುವ ಭತ್ಯೆಯನ್ನು ಪಿಎಫ್ ಲೆಕ್ಕದಲ್ಲಿ ಮೂಲ ವೇತನಕ್ಕೇ ಸೇರಿಸಬೇಕು ಎಂದಿತು. ಹೆಚ್ಚುವರಿ ಕೆಲಸಕ್ಕೆ ತಕ್ಕಂತೆ ಏರಿಳಿಯುವ ಭತ್ಯೆ ಬೇರೆ. ಹಗಲು ಪಾಳಿಯವರಿಗೂ ಪ್ರತಿ ತಿಂಗಳು ಒಂದೇ ಮೊತ್ತ ಕೊಟ್ಟು ಅದಕ್ಕೆ ಶಿಫ್ಟ್ ಅಲೊವೆನ್ಸ್ ಎಂದು ಹೆಸರಿಟ್ಟರೆ, ಹೆಸರು ಪಿಎಫ್‌ನಿಂದ ಕಾಪಾಡುವುದಿಲ್ಲ. 15,000ಕ್ಕಿಂತ ಕಡಿಮೆ ಬೇಸಿಕ್ ಇಟ್ಟು ಉಳಿದದ್ದನ್ನು ಭತ್ಯೆಗಳಲ್ಲಿ ತುಂಬಿಸಿದ ಪೇ ಸ್ಲಿಪ್‌ಗಳಲ್ಲಿ ಇದು ದುಡ್ಡಿನ ಮಾತು.

ಫೋನ್ ಪಕ್ಕದಲ್ಲಿಟ್ಟು ಮಲಗುವುದು

ಆನ್ ಕಾಲ್ ಇನ್ನೂ ತೊಡಕಿನದು. ಓಟಿ ಎನ್ನುವ ಆಪರೇಷನ್ ಥಿಯೇಟರ್, ಕ್ಯಾಥ್ ಲ್ಯಾಬ್, ಡಯಾಲಿಸಿಸ್, ಬ್ಲಡ್ ಬ್ಯಾಂಕ್ ಸಿಬ್ಬಂದಿಗೆ ಇದು ದಿನನಿತ್ಯದ್ದು. ಇದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ: ಕರೆದರೆ ಬರಲು ಸಿದ್ಧರಾಗಿರುವುದು, ಕರೆದಾಗ ಬಂದು ಮಾಡಿದ ಕೆಲಸ, ಮರುದಿನದ ವಿಶ್ರಾಂತಿ. ಎನ್‌ಎಚ್‌ಎಸ್‌ನಲ್ಲಿ ಸಿದ್ಧರಾಗಿರುವುದಕ್ಕೆ ಒಂದು ಪಾವತಿ, ಬಂದು ಮಾಡಿದ ಕೆಲಸಕ್ಕೆ ಬೇರೆ ಪಾವತಿ. ಮೊತ್ತವನ್ನು ಆಸ್ಪತ್ರೆ ನಡೆಸುವ ಆಯಾ ಟ್ರಸ್ಟ್‌ನಲ್ಲಿ ಸಂಘದ ಜೊತೆ ಮಾತಾಡಿ ನಿಗದಿ ಮಾಡುತ್ತಾರೆ. ನಮ್ಮ ಕೇಂದ್ರದ ನೈಟ್ ಭತ್ಯೆ ನಿಂತಿರುವುದು ಮಾಡಿದ ಡ್ಯೂಟಿಯ ಮೇಲೆ. ಮನೆಯಲ್ಲಿ ಫೋನ್ ಕಾಯುತ್ತಾ ಕಳೆದ ರಾತ್ರಿ ಅದರೊಳಗೆ ಬರುವುದಿಲ್ಲ.

ಆಸ್ಪತ್ರೆಯ ಡ್ಯೂಟಿ ರೂಮಿನಲ್ಲೇ ಮಲಗಿ ಕಾಯುವುದು ಕೆಲಸವೋ ವಿಶ್ರಾಂತಿಯೋ ಎಂಬ ಪ್ರಶ್ನೆ ಯುರೋಪಿನಲ್ಲಿ ಕೋರ್ಟ್ ಮೆಟ್ಟಿಲೇರಿತ್ತು. ಜರ್ಮನಿಯ ಕೀಲ್ ನಗರದ ಆಸ್ಪತ್ರೆ ವೈದ್ಯರೊಬ್ಬರ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2003ರಲ್ಲಿ, ಆಸ್ಪತ್ರೆಯೊಳಗೇ ಇರಬೇಕಾದ ಆನ್ ಕಾಲ್ ಅವಧಿ ಪೂರ್ತಿ ಕೆಲಸದ ಸಮಯವೇ ಎಂದು ಹೇಳಿತು. ನಡುವೆ ನಿದ್ದೆ ಮಾಡಿದರೂ ಅಷ್ಟೇ. ಅದು ಕೆಲಸದ ಗಂಟೆಗಳ ಮಿತಿ ಮತ್ತು ವಿಶ್ರಾಂತಿಯ ಕುರಿತ ತೀರ್ಪು. ಆ ಗಂಟೆಗಳಿಗೆ ಎಷ್ಟು ದುಡ್ಡು ಎಂಬುದನ್ನು ಅದು ಹೇಳಲಿಲ್ಲ. ಜರ್ಮನಿಗೆ ಹೋಗುವ ನಮ್ಮ ನರ್ಸ್‌ಗಳು ಕೆಲಸದ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಇಲ್ಲಿ ಒಂದು ಕಾಲ್‌ಗೆ ಇಂತಿಷ್ಟು ಎಂದು ಕೊಡುವ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಲೆಕ್ಕ ಕೆಡುವುದು ರಿಜಿಸ್ಟರ್‌ನಲ್ಲಿ. ರಾತ್ರಿ 1ಕ್ಕೆ ಫೋನ್ ಬಂತು, ಒಂದೂವರೆಗೆ ತಲುಪಿದರು, ಕೇಸ್ 4ಕ್ಕೆ ಮುಗಿಯಿತು, ಓಟಿ ತೊಳೆದು ಉಪಕರಣ ಎಣಿಸಿ ಹೊರಟಾಗ 5 ಗಂಟೆ. ಓಟಿ ರಿಜಿಸ್ಟರ್‌ನಲ್ಲಿ ಬರೆದಿರುವುದು ಕೇಸ್ ಶುರುವಾದ ಮತ್ತು ಮುಗಿದ ಹೊತ್ತು ಮಾತ್ರ. ಹೋಗಿ ಬರುವುದೂ ತೊಳೆಯುವುದೂ ಎಲ್ಲೂ ಇಲ್ಲ. ಅದೇ ರಾತ್ರಿ ಎರಡನೇ ಕೇಸ್ ಬಂದರೆ ಅದನ್ನು ಇನ್ನೊಂದು ಕಾಲ್ ಎಂದು ಎಣಿಸಬೇಕೇ, ಮೊದಲನೆಯದರ ಮುಂದುವರಿಕೆಯೇ? ಬೆಳಿಗ್ಗೆ 8ಕ್ಕೆ ಮಾಮೂಲಿ ಡ್ಯೂಟಿಗೆ ಬರಬೇಕೇ, ತಡವಾಗಿ ಬಂದರೆ ಅರ್ಧ ದಿನ ರಜೆ ಕಡಿತವೇ? ಈ ಮೂರಕ್ಕೂ ಎಚ್‌ಆರ್‌ನಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳದೆ ಆನ್ ಕಾಲ್ ಪಟ್ಟಿಗೆ ಹೆಸರು ಕೊಡಬೇಡಿ. ಫೋನ್ ಬಂದ ಹೊತ್ತು ನಿಮ್ಮ ಮೊಬೈಲ್‌ನ ಕಾಲ್ ಪಟ್ಟಿಯಲ್ಲೇ ಇರುತ್ತದೆ, ಅದರ ಸ್ಕ್ರೀನ್‌ಶಾಟ್ ತಿಂಗಳ ಬಿಲ್ ಆಗುವವರೆಗೆ ಅಳಿಸಬೇಡಿ.